ಮೂರನೇ ಸಾಲಿನ ಕಾವಲು: ಸೋಲು ತಪ್ಪಿಸುವ ಫಿಲಿಡೋರ್ ಕ್ರಮ

ಚದುರಂಗದ ಕೊನೆಯ ಘಟ್ಟದಲ್ಲಿ ಬಿಳಿಯ ಬಳಿ ಆನೆ, ಅಂದರೆ ರೂಕ್, ಮತ್ತು ಒಂದು ಕಾಲಾಳು ಉಳಿದಿದ್ದು, ಕಪ್ಪಿನ ಬಳಿ ಆನೆ ಮಾತ್ರ ಇದ್ದರೂ ಆಟವನ್ನು ಡ್ರಾ ಮಾಡಿಕೊಳ್ಳಬಹುದು. ಈ ಕ್ರಮಕ್ಕೆ ಫ್ರಾನ್ಸಿನ ಆಟಗಾರ ಫಿಲಿಡೋರ್ (1726–1795) ಅವರ ಹೆಸರಿದೆ.

ಬಿಳಿಯ ರಾಜ ಎಫ್-5, ಕಾಲಾಳು ಇ-5, ಆನೆ ಎಚ್-7ರಲ್ಲಿ ಇವೆಯೆನ್ನಿ. ಕಪ್ಪು ರಾಜ ಇ-8ರಲ್ಲಿ ಕಾಲಾಳಿನ ಹಾದಿಗೆ ಅಡ್ಡ ನಿಂತಿದ್ದಾನೆ. ಕಪ್ಪು ಆನೆ ಎ-6ರಲ್ಲಿ, ತನ್ನ ಕಡೆಯಿಂದ ಎಣಿಸಿದರೆ ಮೂರನೇ ಸಾಲಿನಲ್ಲಿದೆ. ಆ ಸಾಲಿಗೆ ಬಿಳಿಯ ರಾಜ ಕಾಲಿಡಲಾರ. ಕಪ್ಪು ಆನೆ ಎ-6, ಬಿ-6 ಎಂದು ಅಲ್ಲೇ ಓಡಾಡುತ್ತ ಕಾಯ್ದರೆ ಸಾಕು.

ಮುನ್ನಡೆಯಲು ಬಿಳಿಯು ಕಾಲಾಳನ್ನು ಇ-6ಕ್ಕೆ ನೂಕಬೇಕಾಗುತ್ತದೆ. ಆ ಕ್ಷಣವೇ ಆನೆ ಎ-1ಕ್ಕೆ ಇಳಿಯಬೇಕು. ರಾಜ ಎಫ್-6ಕ್ಕೆ ಬಂದರೆ ಎಫ್-1ರಿಂದ ಚೆಕ್; ಇ-5ಕ್ಕೆ ಸರಿದರೆ ಇ-1ರಿಂದ; ಡಿ-6ಕ್ಕೆ ಹೋದರೆ ಡಿ-1ರಿಂದ. ಅವನು ಅಡಗಬಹುದಾಗಿದ್ದ ಇ-6ರ ಮನೆಯನ್ನು ಅವನದೇ ಕಾಲಾಳು ಆಕ್ರಮಿಸಿರುತ್ತದೆ.

ಬದಲಿಗೆ ಆನೆ ಬಿ-6ಕ್ಕೆ ಸರಿದು ಕಾಯ್ದರೆ ರಾಜ ಎಫ್-6ಕ್ಕೆ ನುಗ್ಗುತ್ತಾನೆ. ಕಾಲಾಳು ಮರೆಯಾಗುವುದರಿಂದ ಚೆಕ್ ಇಲ್ಲ; ಎಚ್-8ರಲ್ಲಿ ಮಾತ್‌ನ ಭೀತಿ ಎದುರಾಗುತ್ತದೆ, ಆಟ ಕೈತಪ್ಪುತ್ತದೆ. ಕಾಲಾಳು ಇ-5ರಲ್ಲಿರುವಾಗಲೇ ಸಾಲು ಬಿಟ್ಟರೂ ರಾಜನಿಗೆ ದಾರಿ ತೆರೆದು ರಕ್ಷಣೆ ಕಠಿಣವಾಗುತ್ತದೆ.