ಪಾಲುದಾರಿಕೆ ಕಂಪನಿಯಾಗುವ ದಿನ

ಪಾಲುದಾರಿಕೆ ಸಂಸ್ಥೆಯೊಂದು ತನ್ನನ್ನು ಹಾಗೆಯೇ ಕಂಪನಿಯಾಗಿ ನೋಂದಾಯಿಸಿಕೊಳ್ಳಲು 2013ರ ಕಂಪನಿ ಕಾಯ್ದೆಯ 366ನೇ ಕಲಮು ಅವಕಾಶ ಕೊಡುತ್ತದೆ. ಮೊದಲು ಇದಕ್ಕೆ ಏಳು ಜನ ಬೇಕಿತ್ತು. 2018ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ನಂತರ ಇಬ್ಬರಿದ್ದರೂ ಸಾಕು. ಸಣ್ಣ ಊರುಗಳ ಮನೆತನದ ವ್ಯಾಪಾರಗಳಿಗೆ ಈ ಬಾಗಿಲು ನಿಜವಾಗಿ ತೆರೆದದ್ದು ಆಗಲೇ.

ಹುಬ್ಬಳ್ಳಿಯಲ್ಲಿ ಅಣ್ಣ, ತಮ್ಮ ಮತ್ತು ಭಾವ ಸೇರಿ ನಡೆಸುವ ಔಷಧ ಸಗಟು ವ್ಯಾಪಾರವೊಂದನ್ನು ಕಲ್ಪಿಸಿಕೊಳ್ಳಿ. ಅಣ್ಣ ತಮ್ಮಂದಿರ ಬಂಡವಾಳ 40 ಲಕ್ಷದಂತೆ, ಭಾವನದು 20 ಲಕ್ಷ. ಲಾಭ ಮಾತ್ರ ಮೂವರಿಗೂ ಸಮ. ಬ್ಯಾಂಕಿನಲ್ಲಿ ಕ್ಯಾಶ್ ಕ್ರೆಡಿಟ್ ಸಾಲವಿದೆ. ಹಾಗಾಗಿ ಮೊದಲ ಕೆಲಸ ಬ್ಯಾಂಕಿನ ಒಪ್ಪಿಗೆ ಪತ್ರ. ಆಮೇಲೆ ಒಂದು ಇಂಗ್ಲಿಷ್, ಒಂದು ಕನ್ನಡ ಪತ್ರಿಕೆಯಲ್ಲಿ URC-2 ನಮೂನೆಯ ಪ್ರಕಟಣೆ ಕೊಟ್ಟು, ಆಕ್ಷೇಪಣೆಗೆ 21 ದಿನ ಕಾಲಾವಕಾಶ ಇಡಬೇಕು. ನಂತರ URC-1 ಅರ್ಜಿ. ನೋಂದಣಿ ಪತ್ರ ಕೈಗೆ ಬಂದ ದಿನ 368ನೇ ಕಲಮು ಕೆಲಸ ಮಾಡುತ್ತದೆ: ಸಂಸ್ಥೆಯ ದಾಸ್ತಾನು, ವಾಹನ, ಬರಬೇಕಾದ ಬಾಕಿ, ಸ್ಥಿರಾಸ್ತಿ ಎಲ್ಲವೂ ಕಾನೂನಿನ ಬಲದಿಂದಲೇ ಕಂಪನಿಯದಾಗುತ್ತವೆ. ಒಬ್ಬರು ಇನ್ನೊಬ್ಬರಿಗೆ ಮಾರಿದಂತಲ್ಲ. ಅದಕ್ಕೇ ಇಂಥ ಬದಲಾವಣೆಗೆ ಪ್ರತ್ಯೇಕ ಕ್ರಯಪತ್ರ ಬೇಕಿಲ್ಲ ಎಂದು ಆಂಧ್ರಪ್ರದೇಶ ಹೈಕೋರ್ಟು ಹಿಂದೆಯೇ ಹೇಳಿದೆ.

ಆದರೆ ಕಂಪನಿಗೆ ಬರುವುದು ಸಂಸ್ಥೆಯ ಆಸ್ತಿ ಮಾತ್ರ. ಗೋದಾಮಿನ ಖಾತೆ ಅಣ್ಣನ ಸ್ವಂತ ಹೆಸರಿನಲ್ಲಿದ್ದು, ಸಂಸ್ಥೆ ಅದನ್ನು ಬಳಸುತ್ತಿದ್ದುದಷ್ಟೇ ನಿಜವಾದರೆ, ಅದು ಅಣ್ಣನದಾಗಿಯೇ ಉಳಿಯುತ್ತದೆ. ಇಪ್ಪತ್ತು ವರ್ಷ ಒಂದೇ ಸೂರಿನಡಿ ವ್ಯಾಪಾರ ಮಾಡಿದವರಿಗೆ ಈ ವ್ಯತ್ಯಾಸ ಹೊಳೆಯುವುದೇ ಇಲ್ಲ. ಲೆಕ್ಕಪತ್ರದ ಆಸ್ತಿ ಪಟ್ಟಿಯನ್ನೂ ಖಾತೆಯ ನಕಲನ್ನೂ ಅರ್ಜಿಗೆ ಮುಂಚೆಯೇ ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ತೆರಿಗೆಯಲ್ಲೂ ಇಂಥದ್ದೇ ಒಂದು ಕಡೆ ಎಡವುತ್ತಾರೆ. ಬಂಡವಾಳ ಲಾಭದ ತೆರಿಗೆ ಬೀಳದಿರಬೇಕಾದರೆ ಷೇರುಗಳು ಬಂಡವಾಳ ಖಾತೆಯ ಪ್ರಮಾಣದಲ್ಲಿ, ಅಂದರೆ ಇಲ್ಲಿ 40:40:20ರಂತೆ ಹಂಚಿಕೆಯಾಗಬೇಕು. ಲಾಭ ಸಮನಾಗಿದೆಯಲ್ಲ ಎಂದು ಷೇರನ್ನೂ ಸಮನಾಗಿ ಹಂಚಿದರೆ ವಿನಾಯಿತಿ ಹೋಗುತ್ತದೆ. ಷೇರಿನ ಹೊರತು ಬೇರೇನನ್ನೂ ಪಾಲುದಾರರಿಗೆ ಕೊಡುವಂತಿಲ್ಲ. ಮೂವರ ಒಟ್ಟು ಮತಾಧಿಕಾರ ಐದು ವರ್ಷ ಶೇ. 50ಕ್ಕಿಂತ ಕೆಳಗಿಳಿಯುವಂತಿಲ್ಲ.

ಬಾಡಿಗೆ ಕರಾರಿನ ವಿಷಯ ಇನ್ನೂ ಸೂಕ್ಷ್ಮ. ಬಾಡಿಗೆದಾರರು ಒಳಬಾಡಿಗೆಗೆ ಕೊಡಬಾರದು ಎಂಬ ಷರತ್ತಿರುವಾಗ, ಕಂಪನಿ ಬಂದು ಕುಳಿತರೆ ಅದು ಒಳಬಾಡಿಗೆಯೇ? 1986ರಲ್ಲಿ ಸುಪ್ರೀಂ ಕೋರ್ಟ್ ಎರಡು ಬಗೆಯ ಉತ್ತರ ಕೊಟ್ಟಿತು. ಮದ್ರಾಸ್ ಬೆಂಗಳೂರು ಟ್ರಾನ್ಸ್‌ಪೋರ್ಟ್ ಪ್ರಕರಣದಲ್ಲಿ ಸಂಸ್ಥೆ ಮತ್ತು ಕಂಪನಿಯ ನಡುವೆ ವಸ್ತುತಃ ಭೇದವಿಲ್ಲವೆಂದು ಬಾಡಿಗೆದಾರರ ಪರ ನಿಂತಿತು. ಜನರಲ್ ರೇಡಿಯೋ ಪ್ರಕರಣದಲ್ಲಿ, ಒಂದು ಕಂಪನಿ ಇನ್ನೊಂದರಲ್ಲಿ ವಿಲೀನವಾದಾಗ, ಅದನ್ನು ಒಳಬಾಡಿಗೆಯೆಂದೇ ಪರಿಗಣಿಸಿತು. ನಮ್ಮ ಮೂವರ ಸ್ಥಿತಿ ಮೊದಲನೆಯದಕ್ಕೆ ಹತ್ತಿರ. ಆದರೂ ಮಾಲೀಕರ ಒಂದು ಒಪ್ಪಿಗೆ ಪತ್ರವನ್ನು ಮೊದಲೇ ಪಡೆಯುವುದು ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದಕ್ಕಿಂತ ಎಷ್ಟೋ ಮೇಲು. ಪೂರೈಕೆದಾರರೊಂದಿಗಿನ, ಆಸ್ಪತ್ರೆಗಳೊಂದಿಗಿನ ಕರಾರುಗಳಲ್ಲೂ ‘ಒಪ್ಪಿಗೆಯಿಲ್ಲದೆ ವರ್ಗಾಯಿಸುವಂತಿಲ್ಲ’ ಎಂಬ ಸಾಲನ್ನು ಹುಡುಕಬೇಕು.

ಪರವಾನಗಿ ಮಾತ್ರ ಆಸ್ತಿಯ ಹಾಗೆ ಜೊತೆಗೆ ಬರುವುದಿಲ್ಲ, ಏಕೆಂದರೆ ಅದು ನಿರ್ದಿಷ್ಟ ವ್ಯಕ್ತಿಗೆ ಸರ್ಕಾರ ಕೊಟ್ಟ ಅನುಮತಿ. ಔಷಧ ಮಾರಾಟದ ಪರವಾನಗಿಯ ಷರತ್ತಿನಂತೆ, ಸಂಸ್ಥೆಯ ರಚನೆ ಬದಲಾದರೆ ಹಳೆಯ ಪರವಾನಗಿ ಬದಲಾವಣೆಯ ದಿನದಿಂದ ಹೆಚ್ಚೆಂದರೆ ಮೂರು ತಿಂಗಳು ಮಾತ್ರ ಊರ್ಜಿತ. ಅಷ್ಟರೊಳಗೆ ಹೊಸತು ಕೈಸೇರಬೇಕು. ಅರ್ಜಿ, ಪರಿಶೀಲನೆ, ಜಾಗದ ದಾಖಲೆ ಎಲ್ಲಕ್ಕೂ ಸಮಯ ಹಿಡಿಯುವುದರಿಂದ, ನೋಂದಣಿ ಪತ್ರ ಬಂದ ವಾರದಲ್ಲೇ ಕಾಗದ ಸಲ್ಲಿಸಬೇಕು. ಆ ಗಡುವು ದಾಟಿದ ಮೇಲೆ ಮಾಡಿದ ಮಾರಾಟ ಪರವಾನಗಿಯಿಲ್ಲದ ಮಾರಾಟ.

ಜಿಎಸ್‌ಟಿಯಲ್ಲಿ ಕೆಲಸದ ಅನುಕ್ರಮವೇ ಮುಖ್ಯ. ಕಂಪನಿಯ ಪ್ಯಾನ್ ಬೇರೆಯಾದ್ದರಿಂದ ಜಿಎಸ್‌ಟಿ ಸಂಖ್ಯೆಯೂ ಹೊಸದು. ಹಳೆಯ ಸಂಖ್ಯೆಯಲ್ಲಿ ಉಳಿದ ಹೂಡುವಳಿ ತೆರಿಗೆ ಜಮೆ 6 ಲಕ್ಷ ಇದೆ ಎನ್ನೋಣ. ಅದನ್ನು ಹಳೆಯ ಖಾತೆಯಿಂದ ITC-02 ಸಲ್ಲಿಸಿ ದಾಟಿಸಬೇಕು, ಲೆಕ್ಕಪರಿಶೋಧಕರ ಪ್ರಮಾಣಪತ್ರ ಲಗತ್ತಿಸಬೇಕು, ಹೊಸ ಖಾತೆಯಲ್ಲಿ ಅದನ್ನು ಸ್ವೀಕರಿಸಬೇಕು. ಹಳೆಯ ನೋಂದಣಿ ರದ್ದತಿ ಇದೆಲ್ಲ ಮುಗಿದ ಮೇಲೆ. ಅವಸರಪಟ್ಟು ಮೊದಲೇ ರದ್ದು ಮಾಡಿಸಿದರೆ ಆ 6 ಲಕ್ಷ ಸಿಕ್ಕಿಹಾಕಿಕೊಳ್ಳುತ್ತದೆ.

ಕಂಪನಿಯಾದ ಮೇಲೆ ಹೊಸ ಸಾಲಕ್ಕೆ ತಮ್ಮ ಹೊಣೆ ಷೇರಿನಷ್ಟಕ್ಕೇ ಸೀಮಿತ ಎಂದು ಮೂವರಿಗೂ ಧೈರ್ಯ ಬರಬಹುದು. ಆದರೆ ನೋಂದಣಿಗೆ ಮುಂಚಿನ ಸಾಲದ ಹೊಣೆಯನ್ನು 369ನೇ ಕಲಮು ಹಾಗೆಯೇ ಉಳಿಸುತ್ತದೆ. ಬ್ಯಾಂಕು ಹೊಸ ಮಂಜೂರಾತಿ ಕೊಡುವಾಗ ನಿರ್ದೇಶಕರ ವೈಯಕ್ತಿಕ ಜಾಮೀನನ್ನೂ ಸಾಮಾನ್ಯವಾಗಿ ಕೇಳುತ್ತದೆ. ಸಹಿ ಹಾಕುವ ಮುನ್ನ ಭಾವನವರೂ ಆ ಪುಟವನ್ನು ತಾವೇ ಓದಬೇಕು.