ಜಿಗಿತಕ್ಕಿಂತ ಮೊದಲು ಇಳಿತ

ಪ್ಲೈಯೊಮೆಟ್ರಿಕ್ ವ್ಯಾಯಾಮದಲ್ಲಿ ಸ್ನಾಯು ಮೊದಲು ಹಿಗ್ಗಿ, ಮರುಕ್ಷಣವೇ ಕುಗ್ಗಿ ದೇಹವನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಹದಿಹರೆಯದವರು ಇದರಲ್ಲಿ ಮೊದಲು ಕಲಿಯಬೇಕಾದದ್ದು ಇಳಿಯುವುದನ್ನು. ಮುಂಗಾಲು ಮೊದಲು ನೆಲ ಮುಟ್ಟಿ, ಹಿಮ್ಮಡಿ ಆಮೇಲೆ ಊರಬೇಕು. ಸೊಂಟ ಹಿಂದಕ್ಕೆ ಸರಿದು ಮಂಡಿ ಬಾಗಬೇಕು. ಮಂಡಿಗಳು ಪಾದದ ನೇರಕ್ಕಿರಬೇಕು. ಅವು ಒಳಕ್ಕೆ ವಾಲಿದರೆ ಮಂಡಿಯ ಅಸ್ಥಿರಜ್ಜಿಗೆ ಅಪಾಯ. ಹುಡುಗಿಯರಲ್ಲಿ ಇದು ಹೆಚ್ಚು. ದಪ್ಪೆಂಬ ಸದ್ದು ಕೇಳಿಸಿದರೆ ಇಳಿತ ಬಿರುಸಾಗಿದೆ ಎಂದರ್ಥ. ಕಿವಿಯೇ ಇಲ್ಲಿ ಒಳ್ಳೆಯ ತರಬೇತುದಾರ.

13 ವರ್ಷದ ಹೊಸಬರಿಗೆ 15ರಿಂದ 20 ಸೆಂಟಿಮೀಟರ್ ಎತ್ತರದ ಪೆಟ್ಟಿಗೆ ಸಾಕು. ಅದರಿಂದ ಕೆಳಗಿಳಿದು ಎರಡು ಸೆಕೆಂಡ್ ಅಲುಗಾಡದೆ ನಿಲ್ಲಬೇಕು. ಹೀಗೆ ಆರು ಬಾರಿಯ ಎರಡು ಸುತ್ತು. ಪ್ರತಿ ಇಳಿತವೂ ಸರಿಬಂದ ಮೇಲೆಯೇ ಮರುಜಿಗಿತ ಸೇರಿಸಿ, ನಂತರ ಎತ್ತರವನ್ನು ತುಸು ಏರಿಸಬಹುದು. ಎತ್ತರದ ಪೆಟ್ಟಿಗೆ ನೋಡಲು ಚೆಂದ, ಲಾಭ ಕಡಿಮೆ.

ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ 48 ಗಂಟೆ ಬಿಡುವು. ಆರಂಭದಲ್ಲಿ ಒಂದು ಅವಧಿಗೆ ಒಟ್ಟು 50-60 ಇಳಿತಗಳನ್ನು ಮೀರಬಾರದು. ಎತ್ತರ ದಿಢೀರನೆ ಏರುವ ತಿಂಗಳುಗಳಲ್ಲಿ ಇದನ್ನೂ ತಗ್ಗಿಸಬೇಕು. ಮಂಡಿಚಿಪ್ಪಿನ ಕೆಳಗೆ ಅಥವಾ ಹಿಮ್ಮಡಿಯಲ್ಲಿ ನೋವು ಉಳಿದರೆ ಜಿಗಿತ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.