ಮರಿ ಬಂದ ಮೊದಲ ವರ್ಷದ ಲೆಕ್ಕ

ಮನೆಗೆ ನಾಯಿಮರಿ ಬಂದರೆ ನೋಡಲು ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ, ‘ಎಷ್ಟಕ್ಕೆ ಬಂತು?’ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಮರಿ ದುಡ್ಡಿಗೆ ಬಂದಿರಲಿ, ಪುಕ್ಕಟೆ ಬಂದಿರಲಿ, ಮುಂದಿನ ಹನ್ನೆರಡು ತಿಂಗಳಲ್ಲಿ ಅದಕ್ಕಾಗಿ ಎಷ್ಟು ಹಣ ಬೇಕು, ಯಾವ ತಿಂಗಳಲ್ಲಿ ಬೇಕು ಎನ್ನುವುದನ್ನು ಲೆಕ್ಕ ಹಾಕುವವರು ಕಡಿಮೆ. ಹಾಕಿದವರೂ ಒಟ್ಟು ಮೊತ್ತವನ್ನು ಹನ್ನೆರಡರಿಂದ ಭಾಗಿಸಿ, ತಿಂಗಳಿಗಿಷ್ಟು ಎಂದುಕೊಂಡು ಸುಮ್ಮನಾಗುತ್ತಾರೆ. ಎಡವುವುದು ಅಲ್ಲೇ. ನಾಯಿಯ ಖರ್ಚು ತಿಂಗಳಿಗೆ ಸಮನಾಗಿ ಹಂಚಿಕೊಂಡು ಬರುವುದಿಲ್ಲ.

ಉದಾಹರಣೆಗೆ ಬೆಂಗಳೂರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಗಂಡ, ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಶಾಲೆಗೆ ಹೋಗುವ ಒಂದು ಮಗು ಇದೆ. ತರುವುದು ಎಂಟು ವಾರದ ಹೆಣ್ಣು ಲ್ಯಾಬ್ರಡಾರ್ ಮರಿಯನ್ನು. ಮಾರುವವರು ಸಾಮಾನ್ಯವಾಗಿ ‘ನಲವತ್ತೈದು ದಿನ ಆಯ್ತು, ತಗೊಂಡು ಹೋಗಿ’ ಎನ್ನುತ್ತಾರೆ. ಆದರೆ ನಾಯಿ ತಳಿ ಅಭಿವೃದ್ಧಿ ಮತ್ತು ಮಾರಾಟಕ್ಕೆ ಸಂಬಂಧಿಸಿದ 2017ರ ಕೇಂದ್ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಇಲ್ಲಿ ಕೊಟ್ಟಿರುವ ದರಗಳು ಖಾಸಗಿ ಕ್ಲಿನಿಕ್‌ಗಳ ಆಸುಪಾಸಿನ ಅಂದಾಜು. ಬಡಾವಣೆಯಿಂದ ಬಡಾವಣೆಗೆ ಅವು ಏರಿಳಿಯುತ್ತವೆ, ಸಣ್ಣ ಊರುಗಳಲ್ಲಿ ಕಡಿಮೆ ಇರುತ್ತವೆ.

ಮೊದಲಿಗೆ ಲಸಿಕೆ. ಡಿಸ್ಟೆಂಪರ್, ಪಾರ್ವೊ, ಯಕೃತ್ತಿಗೆ ತಗಲುವ ಹೆಪಟೈಟಿಸ್ ಮುಂತಾದವಕ್ಕೆಲ್ಲ ಸೇರಿಸಿ ಕೊಡುವ ಒಂದೇ ಚುಚ್ಚುಮದ್ದನ್ನು ಎಂಟು, ಹನ್ನೆರಡು, ಹದಿನಾರನೇ ವಾರದಲ್ಲಿ ಹಾಕಿಸಬೇಕು. ರೇಬಿಸ್ ಲಸಿಕೆ ಮೂರು ತಿಂಗಳು ತುಂಬಿದ ಮೇಲೆ. ಸಂಯುಕ್ತ ಲಸಿಕೆಗೆ ಡೋಸಿಗೆ 900 ರೂಪಾಯಿ, ರೇಬಿಸ್‌ಗೆ ಎರಡು ಸಲ 350, ಪ್ರತಿ ಭೇಟಿಗೆ ವೈದ್ಯರ ಶುಲ್ಕ 400 ಎಂದು ಹಿಡಿದರೆ ಮೂರು ಭೇಟಿಗೆ 4,600 ರೂಪಾಯಿ. ವರ್ಷ ತುಂಬಿದಾಗ ಎರಡನ್ನೂ ಮತ್ತೆ ಹಾಕಿಸಲು 1,650. ಜಂತುಹುಳುವಿನ ಔಷಧಕ್ಕೆ ವರ್ಷಕ್ಕೆ ಸಾವಿರ.

ಲಸಿಕೆಯೇ ದೊಡ್ಡ ಖರ್ಚು ಎಂಬುದು ಸಾಮಾನ್ಯ ನಂಬಿಕೆ. ಆದರೆ ನಮ್ಮ ಹವೆಯಲ್ಲಿ ಅದನ್ನು ಮೀರಿಸುವ ಖರ್ಚೊಂದಿದೆ, ಅದು ಉಣ್ಣೆಯದು. ಉಣ್ಣೆ ಕಚ್ಚಿದರೆ ಎರ್ಲಿಕಿಯಾ, ಬೆಬೀಸಿಯಾ ಎಂಬ ರಕ್ತದ ಸೋಂಕುಗಳು ಬರುತ್ತವೆ. ಜ್ವರ, ಊಟ ಬಿಡುವುದು, ಬಿಳಿಚಿದ ಒಸಡು, ಕೆಲವೊಮ್ಮೆ ಮೂಗಿನಿಂದ ರಕ್ತ ಇವುಗಳ ಲಕ್ಷಣ. ಇದನ್ನು ತಡೆಯಲು ಬೆನ್ನ ಮೇಲೆ ಬಿಡುವ ಹನಿಯನ್ನೋ ತಿನ್ನಿಸುವ ಮಾತ್ರೆಯನ್ನೋ ನಿಗದಿತ ಅವಧಿಗೊಮ್ಮೆ ಕೊಡುತ್ತಲೇ ಇರಬೇಕು. ಮರಿಯ ತೂಕ ಏರಿದಂತೆ ಡೋಸೂ ದರವೂ ಏರುತ್ತವೆ. ತಿಂಗಳಿಗೆ ಸರಾಸರಿ 600 ಎಂದರೂ ವರ್ಷಕ್ಕೆ 7,200. ಹೀಗೆ ರೋಗ ಬಾರದಂತೆ ನೋಡಿಕೊಳ್ಳುವುದಕ್ಕೇ ಹದಿನಾಲ್ಕು ಸಾವಿರ ದಾಟಿತು.

ಇನ್ನು ಊಟ. ಲ್ಯಾಬ್ರಡಾರ್ ಎರಡು ತಿಂಗಳಲ್ಲಿ ದಿನಕ್ಕೆ ಸುಮಾರು 200 ಗ್ರಾಂ ಒಣ ಆಹಾರ ತಿಂದರೆ, ಆರು–ಎಂಟು ತಿಂಗಳ ಹೊತ್ತಿಗೆ 400 ಗ್ರಾಂ ಮುಟ್ಟುತ್ತದೆ. ವರ್ಷದ ಸರಾಸರಿ 330 ಗ್ರಾಂ ಎಂದರೆ 120 ಕಿಲೋ. ಕಿಲೋಗೆ 350 ರೂಪಾಯಿಯ ಮಧ್ಯಮ ದರ್ಜೆಯದಕ್ಕೆ 42,000 ರೂಪಾಯಿ ಬೇಕು. ತಳಿಯ ಹೆಸರು ಹಾಕಿ ಮಾರುವ ದುಬಾರಿ ಆಹಾರವಾದರೆ ಇದರ ದುಪ್ಪಟ್ಟು.

‘ನಾವು ಮನೆ ಊಟಾನೇ ಹಾಕ್ತೀವಿ, ಅದಕ್ಕೇನು ಖರ್ಚು?’ ಎನ್ನುವವರಿದ್ದಾರೆ. ಬೆಳೆದ ಲ್ಯಾಬ್ರಡಾರ್‌ಗೆ ದಿನಕ್ಕೆ ಕಾಲು ಕಿಲೋ ಕೋಳಿ, ಅನ್ನ, ಮೊಟ್ಟೆ, ಒಂದಿಷ್ಟು ತರಕಾರಿ ಎಂದರೂ ಎಂಬತ್ತೈದು, ತೊಂಬತ್ತು ರೂಪಾಯಿಯಾಗುತ್ತದೆ. ವರ್ಷಕ್ಕೆ ಮೂವತ್ತು ಸಾವಿರ ದಾಟಿತು. ಉಳಿತಾಯ ಇದೆ, ಆದರೆ ಪುಕ್ಕಟೆಯಲ್ಲ. ಅದಕ್ಕಿಂತ ಮುಖ್ಯವಾಗಿ, ಮೂಳೆ ಬಿಡಿಸಿದ ಕೋಳಿ ಮತ್ತು ಅನ್ನದಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಬೆಳೆಯುವ ಮರಿಗೆ ಅದನ್ನು ಎಷ್ಟು ಸೇರಿಸಬೇಕು ಎಂದು ವೈದ್ಯರಿಂದ ಅಳತೆ ಬರೆಸಿಕೊಳ್ಳಬೇಕು. ಇದಕ್ಕೆ ತದ್ವಿರುದ್ಧವಾದ ತಪ್ಪೂ ಅಷ್ಟೇ ಸಾಮಾನ್ಯ. ಮರಿಗಳಿಗೆಂದೇ ತಯಾರಾದ ಆಹಾರದಲ್ಲಿ ಕ್ಯಾಲ್ಸಿಯಂ ಲೆಕ್ಕಕ್ಕೆ ಸರಿಯಾಗಿ ಇರುತ್ತದೆ. ಅದರ ಮೇಲೆ ‘ಮೂಳೆ ಗಟ್ಟಿಯಾಗಲಿ’ ಎಂದು ಸಿರಪ್ಪನ್ನೂ ಕುಡಿಸಿದರೆ ದೊಡ್ಡ ತಳಿಯ ಮರಿಗಳಲ್ಲಿ ಮೂಳೆಯ ಬೆಳವಣಿಗೆಯೇ ಕೆಡಬಹುದು. ಸಿರಪ್ಪಿನ ದುಡ್ಡೂ ಹೋಯಿತು, ಕಾಲೂ ಸೊಟ್ಟಗಾಯಿತು.

ಲ್ಯಾಬ್ರಡಾರ್‌ನ ಊಟದ ಲೆಕ್ಕ ತಪ್ಪಿಸುವುದು ಅದರ ಕಣ್ಣು. ತಟ್ಟೆ ಖಾಲಿಯಾದ ಮರುಕ್ಷಣವೇ ಅನ್ನ ಕಾಣದ ಪ್ರಾಣಿಯಂತೆ ನೋಡುತ್ತದೆ. ಇದು ಬರೀ ನಾಟಕವಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹೆಚ್ಚುಕಡಿಮೆ ಕಾಲು ಭಾಗ ಲ್ಯಾಬ್ರಡಾರ್‌ಗಳಲ್ಲಿ ಪಿಒಎಂಸಿ ಎಂಬ ವಂಶವಾಹಿಯ ಒಂದು ತುಣುಕು ಇರುವುದಿಲ್ಲ. ಅಂಥವು ಆಹಾರಕ್ಕೆ ಹೆಚ್ಚು ಹಾತೊರೆಯುತ್ತವೆ, ತೂಕವೂ ಹೆಚ್ಚು. ಹಾಗಾಗಿ ಅಳತೆಗೆ ನಾಯಿಯ ಮುಖವಲ್ಲ, ಅಡುಗೆಮನೆಯ ತಕ್ಕಡಿಯೇ ಬೇಕು. ಹತ್ತು ಕಿಲೋ ಚೀಲ ಲೆಕ್ಕದ ದಿನಕ್ಕಿಂತ ವಾರ ಮೊದಲೇ ಮುಗಿದರೆ ಮನೆಯಲ್ಲಿ ಯಾರೋ ಕದ್ದು ತಿನ್ನಿಸುತ್ತಿದ್ದಾರೆ ಎಂದೇ ಅರ್ಥ. ಸಾಮಾನ್ಯವಾಗಿ ಅದು ಅಜ್ಜಿ.

ಮೈಯ ಆರೈಕೆಯಲ್ಲಿ ಲ್ಯಾಬ್ರಡಾರ್ ಅಗ್ಗ. ಮೂರು–ನಾಲ್ಕು ವಾರಕ್ಕೊಮ್ಮೆ ಸ್ನಾನ, ಆಗಾಗ ಬ್ರಷ್, ಉಗುರು ಕತ್ತರಿಸುವುದು, ಕಿವಿ ಶುಚಿ. ಮನೆಯಲ್ಲಿ ಬಳಸುವ ಸಾಮಾನಿಗೆ 1,500, ವರ್ಷಕ್ಕೆ ನಾಲ್ಕು ಸಲ ಪಾರ್ಲರಿಗೆ 4,000 ಇದ್ದರೆ ಸಾಕು. ಇದರ ಜಾಗದಲ್ಲಿ ಶಿಟ್ಸು ಇದ್ದರೆ ಆರು ವಾರಕ್ಕೊಮ್ಮೆ ಕೂದಲು ಕತ್ತರಿಸಲೇಬೇಕು. ಸಲಕ್ಕೆ 1,500 ಎಂದರೆ ವರ್ಷಕ್ಕೆ ಹದಿಮೂರು ಸಾವಿರದ ಮೇಲೆ. ಚಿಕ್ಕ ನಾಯಿ ಎಂದರೆ ಚಿಕ್ಕ ಖರ್ಚು ಎನ್ನುವ ಲೆಕ್ಕ ಊಟಕ್ಕೆ ಸರಿ, ಕೂದಲಿಗೆ ಅಲ್ಲ.

ಉಳಿದದ್ದನ್ನು ಬೇಗ ಮುಗಿಸಬಹುದು. ಹಾಸಿಗೆ, ತಟ್ಟೆ, ಸರಪಳಿ, ವರ್ಷದಲ್ಲಿ ಎರಡು ಸಲ ಬಿಗಿಯಾಗಿ ಬದಲಿಸಬೇಕಾದ ಪಟ್ಟಿ ಎಲ್ಲ ಸೇರಿ 7,000. ಸಂತಾನಹರಣ ಶಸ್ತ್ರಚಿಕಿತ್ಸೆಗೆ, ಅದಕ್ಕೆ ಮೊದಲು ಮಾಡುವ ರಕ್ತಪರೀಕ್ಷೆಯೂ ಸೇರಿ, 9,000. ದೊಡ್ಡ ತಳಿಗಳಲ್ಲಿ ಅನೇಕ ವೈದ್ಯರು ಇದಕ್ಕೆ ವರ್ಷದ ಆಸುಪಾಸಿನವರೆಗೆ ಕಾಯಲು ಹೇಳುವುದರಿಂದ ಈ ಖರ್ಚು ಕೊನೆಗೆ ಬರುತ್ತದೆ. ದಸರೆಗೋ ದೀಪಾವಳಿಗೋ ಊರಿಗೆ ಹೋಗುವಾಗ ನಾಯಿಯನ್ನು ಬಿಟ್ಟು ಹೋಗುವ ಬೋರ್ಡಿಂಗ್‌ಗೆ ದಿನಕ್ಕೆ 700ರಂತೆ ಹತ್ತು ದಿನಕ್ಕೆ 7,000. ಎಲ್ಲ ಕೂಡಿದರೆ ವರ್ಷಕ್ಕೆ ಸುಮಾರು 85,000 ರೂಪಾಯಿ. ಸರಾಸರಿ ತಿಂಗಳಿಗೆ ಏಳು ಸಾವಿರ ಎನಿಸಿದರೂ ಮೊದಲ ತಿಂಗಳೊಂದರಲ್ಲೇ ಹನ್ನೊಂದು ಸಾವಿರ ಹೋಗಿರುತ್ತದೆ.

ಬೀದಿಯ ಮರಿಯನ್ನು ದತ್ತು ತಂದರೆ ಊಟದ ಬಾಬತ್ತು ತಗ್ಗುತ್ತದೆ. ಲಸಿಕೆಗೆ ಮಾತ್ರ ತಳಿಯ ಭೇದವಿಲ್ಲ, ಅದೇ ಡೋಸು, ಅದೇ ದರ.

ಇಷ್ಟೂ ಗೊತ್ತಿರುವ ಖರ್ಚು. ತುರ್ತುನಿಧಿಯ ವಿಷಯಕ್ಕೆ ಬಂದರೆ ಹೆಚ್ಚಿನವರು ‘ತಿಂಗಳಿಗೆ ಎರಡು–ಮೂರು ಸಾವಿರ ಎತ್ತಿಡೋಣ, ವರ್ಷದ ಹೊತ್ತಿಗೆ ಮೂವತ್ತು ಸಾವಿರ ಆಗುತ್ತದೆ’ ಎಂದುಕೊಳ್ಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಮರಿಗೆ ಅತಿ ದೊಡ್ಡ ಅಪಾಯ ಬರುವುದು ವರ್ಷದ ಕೊನೆಗಲ್ಲ, ಮೊದಲ ಎರಡು ತಿಂಗಳಲ್ಲಿ. ಆಗ ಆ ಡಬ್ಬಿಯಲ್ಲಿ ಐದು ಸಾವಿರವೂ ಇರುವುದಿಲ್ಲ.

ಕಾರಣ ಪಾರ್ವೊ. ತಾಯಿಯ ಮೊದಲ ಹಾಲಿನಿಂದ ಮರಿಗೆ ರೋಗನಿರೋಧಕ ಪ್ರತಿಕಾಯಗಳು ಬಂದಿರುತ್ತವೆ. ಅವು ರೋಗವನ್ನು ತಡೆಯುವಂತೆ ಲಸಿಕೆಯನ್ನೂ ಕೆಲಸ ಮಾಡದಂತೆ ತಡೆಯುತ್ತವೆ. ಸುಮಾರು ಆರರಿಂದ ಹದಿನಾರನೇ ವಾರದ ನಡುವೆ ಅವು ಕರಗುತ್ತಾ ಹೋಗುತ್ತವೆ. ಯಾವ ಮರಿಯಲ್ಲಿ ಯಾವ ವಾರ ಎಂದು ಹೊರಗಿನಿಂದ ಹೇಳಲಾಗದು. ಮೂರು ಸಲ ಲಸಿಕೆ ಹಾಕುವುದು ಇದಕ್ಕೇ: ಯಾವುದಾದರೂ ಒಂದು ಡೋಸು ಸರಿಯಾದ ಹೊತ್ತಿಗೆ ಬಿದ್ದೀತು ಎಂದು. ಈ ನಡುವೆ ತಾಯಿಯ ರಕ್ಷಣೆ ಮುಗಿದು, ಲಸಿಕೆಯ ರಕ್ಷಣೆ ಶುರುವಾಗದ ಕೆಲವು ದಿನಗಳು ಇದ್ದೇ ಇರುತ್ತವೆ. ‘ಒಂದು ಇಂಜೆಕ್ಷನ್ ಆಗಿದೆಯಲ್ಲ’ ಎಂದು ಮರಿಯನ್ನು ಪಾರ್ಕಿಗೆ ಇಳಿಸುವುದು ಹೆಚ್ಚಾಗಿ ಈ ದಿನಗಳಲ್ಲೇ.

ಲವಲವಿಕೆಯಿದ್ದ ಮರಿ ಮುದುಡಿ ಮಲಗುತ್ತದೆ, ವಾಂತಿ ಮಾಡುತ್ತದೆ, ಆಮೇಲೆ ದುರ್ವಾಸನೆಯ ರಕ್ತಭೇದಿ. ವೈರಸ್ಸನ್ನು ಕೊಲ್ಲುವ ಔಷಧವೆಂದು ಸಾಮಾನ್ಯ ಕ್ಲಿನಿಕ್‌ಗಳಲ್ಲಿ ಕೊಡುವಂಥದ್ದಿಲ್ಲ. ದೇಹದ ನೀರು ಬತ್ತದಂತೆ ಡ್ರಿಪ್, ವಾಂತಿ ನಿಲ್ಲಲು ಮದ್ದು, ಕರುಳಿನಿಂದ ರಕ್ತಕ್ಕೆ ಸೇರುವ ಬ್ಯಾಕ್ಟೀರಿಯಾಕ್ಕೆ ಆಂಟಿಬಯಾಟಿಕ್ ಕೊಟ್ಟು ಮರಿಯನ್ನು ಆ ಐದಾರು ದಿನ ದಾಟಿಸಬೇಕು. ದಿನಕ್ಕೆ ಮೂರರಿಂದ ನಾಲ್ಕು ಸಾವಿರದಂತೆ ಇಪ್ಪತ್ತು ಸಾವಿರ ದಾಟಬಹುದು. ಬೇಗ ಚಿಕಿತ್ಸೆ ಸಿಕ್ಕ ಹೆಚ್ಚಿನ ಮರಿಗಳು ಉಳಿಯುತ್ತವೆ, ಸಿಗದ ಹೆಚ್ಚಿನವು ಸಾಯುತ್ತವೆ. ಹಣ ಹೊಂದಿಸಲು ಕಾದ ಒಂದು ದಿನಕ್ಕೆ ಇಲ್ಲಿ ಬಹಳ ಬೆಲೆ. ಇನ್ನೊಂದು ಸಂಗತಿಯನ್ನೂ ಹೇಳಬೇಕು. ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಫಿನಾಯಿಲ್‌ಗೆ ಜಗ್ಗುವುದಿಲ್ಲ. ನೆಲಕ್ಕೆ ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿದ ದ್ರಾವಣ ಬೇಕು. ಪಾರ್ವೊ ಬಂದು ಹೋದ ಮನೆಗೆ ಮತ್ತೊಂದು ಮರಿ ತರುವವರು ಇದನ್ನು ಮೊದಲು ತಿಳಿದಿರಬೇಕು.

ಪಾರ್ವೊ ದಾಟಿದ ಲ್ಯಾಬ್ರಡಾರ್‌ಗೆ ಮುಂದಿನ ಗಂಡಾಂತರ ಮಾವಿನ ಕಾಲದಲ್ಲಿ. ತಟ್ಟೆಯಂಚಿನ ವಾಟೆಯನ್ನೋ ಸುಟ್ಟ ಮುಸುಕಿನ ಜೋಳದ ದಿಂಡನ್ನೋ ಅದು ಅಗಿಯದೆ ನುಂಗುತ್ತದೆ. ಅವೆರಡೂ ಜೀರ್ಣವಾಗುವುದಿಲ್ಲ, ಕರುಳಿನ ತಿರುವಿನಲ್ಲಿ ಸಿಕ್ಕಿಬೀಳುತ್ತವೆ. ಕುಡಿದ ನೀರೂ ವಾಂತಿಯಾಗುತ್ತಿದ್ದರೆ, ಮಲ ನಿಂತಿದ್ದರೆ, ಹೊಟ್ಟೆ ಮುಟ್ಟಿದರೆ ನಾಯಿ ಬಿಗಿಯಾಗುತ್ತಿದ್ದರೆ ಇದನ್ನೇ ಅನುಮಾನಿಸಬೇಕು. ವಾಟೆ ಎಕ್ಸ್‌ರೇಯಲ್ಲಿ ಮೂಳೆಯಷ್ಟು ಸ್ಪಷ್ಟವಾಗಿ ಕಾಣದ ಕಾರಣ ಸ್ಕ್ಯಾನಿಂಗ್ ಕೂಡ ಬೇಕಾಗಬಹುದು. ಪರೀಕ್ಷೆ, ಶಸ್ತ್ರಚಿಕಿತ್ಸೆ, ಒಳರೋಗಿಯಾಗಿ ಇರಿಸುವುದು ಎಲ್ಲ ಸೇರಿ ಮೂವತ್ತರಿಂದ ನಲವತ್ತು ಸಾವಿರ.

ಹಾಗಾಗಿ ಈ ಮನೆಯ ನಿಧಿ 40,000 ರೂಪಾಯಿ, ಅದೂ ಮರಿ ಹೊಸ್ತಿಲು ದಾಟುವ ಮೊದಲೇ ಬ್ಯಾಂಕಿನಲ್ಲಿ ಬೇರೆಯಾಗಿ ಇರಬೇಕು. ಒಟ್ಟು ಅಂದಾಜು 1,25,000. ನಿಧಿ ಖರ್ಚಾಗದಿದ್ದರೆ ಮುಂದಿನ ವರ್ಷಕ್ಕೆ ಹೋಗುತ್ತದೆ. ಸಾಕುನಾಯಿಗಳ ವಿಮೆ ಇದೆ, ಆದರೆ ಸಾಮಾನ್ಯವಾಗಿ ಅದಕ್ಕೆ ಕಾಯುವ ಅವಧಿಯೊಂದಿದೆ. ಹಲವು ಪಾಲಿಸಿಗಳಲ್ಲಿ ಮೊದಲು ಕೈಯಿಂದ ಕಟ್ಟಿ ಆಮೇಲೆ ಬಿಲ್ಲು ಕೊಟ್ಟು ಹಣ ಪಡೆಯಬೇಕು. ಅಂದರೆ ಆ ರಾತ್ರಿಯ ನಗದಿನ ಅಗತ್ಯವನ್ನು ಅದು ತಪ್ಪಿಸುವುದಿಲ್ಲ.

ಇಷ್ಟು ಶಕ್ತಿಯಿಲ್ಲದ ಮನೆಗೆ ದಾರಿ ಸರ್ಕಾರಿ ಪಶುವೈದ್ಯ ಆಸ್ಪತ್ರೆಗಳು. ಬೆಂಗಳೂರಿನಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮತ್ತು ಕ್ವೀನ್ಸ್ ರಸ್ತೆಯ ಆಸ್ಪತ್ರೆ ಹೆಸರಾದವು. ಶಸ್ತ್ರಚಿಕಿತ್ಸೆಗೂ ಎಕ್ಸ್‌ರೇಗೂ ಅಲ್ಲಿ ಖಾಸಗಿಗಿಂತ ಬಹಳ ಕಡಿಮೆ ಸಾಕು. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಹೊತ್ತಿಗೆ ಉಚಿತ ರೇಬಿಸ್ ಲಸಿಕಾ ಶಿಬಿರಗಳೂ ನಡೆಯುತ್ತವೆ. ಆದರೆ ಸರದಿ ಉದ್ದ, ರಾತ್ರಿ ಎಲ್ಲ ಸೌಲಭ್ಯವೂ ಸಿಗುವ ಖಾತ್ರಿಯಿಲ್ಲ. ಮನೆಗೆ ಹತ್ತಿರವಿರುವ, ರಾತ್ರಿಯೂ ತೆರೆದಿರುವ ಕ್ಲಿನಿಕ್ ಯಾವುದು, ಒಳಗೆ ಸೇರಿಸಿಕೊಳ್ಳಲು ಎಷ್ಟು ಮುಂಗಡ ಕೇಳುತ್ತಾರೆ ಎಂಬುದನ್ನು ಮೊದಲ ಲಸಿಕೆಗೆ ಹೋದ ದಿನವೇ ವಿಚಾರಿಸಿಕೊಂಡು, ಆ ಮುಂಗಡದಷ್ಟನ್ನಾದರೂ ಬೇರೆ ಯಾವುದಕ್ಕೂ ಮುಟ್ಟದೆ ಇಡಬೇಕು.